ಫೀಲ್ಡ್‌ವರ್ಕ್‌ಗೆ ‘ರಜೆ’ ಕೇಳಬೇಡಿ

ಪ್ರಶ್ನೆ: ಸರ್, ನಾನು ಸಮಾಜಶಾಸ್ತ್ರದಲ್ಲಿ ಪಿಎಚ್‌.ಡಿ. ಮಾಡ್ತಿದ್ದೇನೆ. 2023ರ ಜನವರಿಯಲ್ಲಿ ಸೇರಿದ್ದು, ಯುಜಿಸಿ ಫೆಲೋಶಿಪ್ ಇದೆ, ಈಗ ಎಸ್‌ಆರ್‌ಎಫ್. ಬೆಳಗಾವಿ ಜಿಲ್ಲೆಗೆ ಕಬ್ಬು ಕಡಿಯಲು ವಲಸೆ ಬರುವ ಕುಟುಂಬಗಳು ನನ್ನ ವಿಷಯ. ಈ ನವೆಂಬರ್‌ನಿಂದ ನಾಲ್ಕು ತಿಂಗಳು ಫೀಲ್ಡ್‌ಗೆ ಹೋಗಲೇಬೇಕು. 2027ರ ಜೂನ್‌ಗೆ ಥೀಸಿಸ್ ಕೊಡ್ತೀನಿ ಅಂತ ಹೇಳಿಬಿಟ್ಟಿದ್ದೆ, ಅದು ಈಗ ಆಗೋದಿಲ್ಲ. ರಜೆ ಮತ್ತು ಎಕ್ಸ್‌ಟೆನ್ಷನ್ ಎರಡನ್ನೂ ಕೇಳಿ ಗೈಡ್‌ಗೆ ಪತ್ರ ಬರೀಬೇಕು. ಅವರಿಗೆ ಸಿಟ್ಟು ಬಾರದ ಹಾಗೆ ಹೇಗೆ ಬರೆಯಲಿ?

ಉತ್ತರ: ಗೈಡ್ ಸಿಟ್ಟಾಗುವುದು ಆಮೇಲಿನ ಮಾತು. ನೀವು ಬರೆಯಲು ಹೊರಟಿರುವ ಎರಡು ಪದಗಳೇ ಸರಿ ಇಲ್ಲ. ‘ರಜೆ’ ನಿಮಗೆ ಬೇಕಾಗಿಲ್ಲ. ‘ಎಕ್ಸ್‌ಟೆನ್ಷನ್’ ಕೂಡ ಬೇಕಾಗಿಲ್ಲ. ಈ ಎರಡು ಪದ ಪತ್ರದಲ್ಲಿ ಬಂದರೆ ಗೈಡ್ ಎಷ್ಟೇ ಒಳ್ಳೆಯವರಾಗಿದ್ದರೂ ಆಫೀಸಿನಲ್ಲಿ ನಿಮಗೆ ತೊಂದರೆ ಶುರುವಾಗುತ್ತದೆ.

ಮೊದಲು ರಜೆ ವಿಷಯ. ಯುಜಿಸಿ ಫೆಲೋಗಳಿಗೆ ಸಾರ್ವಜನಿಕ ರಜೆ ಬಿಟ್ಟು ವರ್ಷಕ್ಕೆ ಹೆಚ್ಚೆಂದರೆ 30 ದಿನ ರಜೆ. ಬೇಸಿಗೆ ರಜೆ, ದಸರಾ ರಜೆ ಅಂತೆಲ್ಲ ಇಲ್ಲ. ನೀವು ಹೋಗಬೇಕಾಗಿರುವುದು ಸುಮಾರು 110 ದಿನ. ‘ನಾಲ್ಕು ತಿಂಗಳ ರಜೆ ದಯಪಾಲಿಸಿ’ ಅಂತ ನೀವೇ ಬರೆದು ಸಹಿ ಹಾಕಿಕೊಟ್ಟರೆ, ಫೆಲೋಶಿಪ್ ಸೆಕ್ಷನ್‌ನಲ್ಲಿ ಕೂತವರು ಏನು ಮಾಡಬೇಕು? 30 ಕಳೆದು ಉಳಿದ 80 ದಿನ ಗೈರುಹಾಜರಿ ಅಂತ ಬರೆಯುತ್ತಾರೆ. ಅವರದ್ದೇನೂ ತಪ್ಪಿಲ್ಲ, ನಿಮ್ಮ ಕಾಗದವೇ ಹಾಗೆ ಹೇಳುತ್ತಿದೆಯಲ್ಲ.

ಇದು ಊಹೆ ಅಲ್ಲ. ನನ್ನ ಕೈಕೆಳಗೇ ಓದುತ್ತಿದ್ದ ಒಬ್ಬ ಹುಡುಗನಿಗೆ ಹೀಗಾಯಿತು. ಅವನು ಮೂರು ತಿಂಗಳು ಫೀಲ್ಡ್‌ಗೆ ಹೋಗುವಾಗ ವಿಷಯದ ಸಾಲಿನಲ್ಲಿ ‘ರಜೆ ಮಂಜೂರಾತಿ ಕೋರಿ’ ಅಂತ ಬರೆದಿದ್ದ. ನಾನು ಒಳಗಿನ ಒಕ್ಕಣೆ ಓದದೆ ಸುಮ್ನೆ ಸಹಿ ಹಾಕಿದೆ. ಅವನು ವಾಪಸ್ ಬರುವ ಹೊತ್ತಿಗೆ ಎರಡು ತಿಂಗಳ ಫೆಲೋಶಿಪ್ ನಿಂತಿತ್ತು. ಅದನ್ನು ಬಿಡಿಸಲು ಆರು ತಿಂಗಳು ಓಡಾಡಿದೆವು, ಹೋದಲ್ಲೆಲ್ಲ ಒಂದೇ ಪ್ರಶ್ನೆ: ‘ರಜೆ ಅಂತ ನೀವೇ ಬರೆದುಕೊಟ್ಟಿದ್ದೀರಲ್ಲ ಸರ್?’ ತಪ್ಪು ಅವನದಕ್ಕಿಂತ ನನ್ನದೇ ಜಾಸ್ತಿ ಅಂತ ಇವತ್ತಿಗೂ ಅನ್ನಿಸುತ್ತದೆ.

ಫೀಲ್ಡ್‌ವರ್ಕ್ ನಿಮ್ಮ ಕೆಲಸ. ರಸಾಯನಶಾಸ್ತ್ರದವರು ಲ್ಯಾಬ್‌ಗೆ ಹೋಗಲು ರಜೆ ಕೇಳುತ್ತಾರಾ? ಹಾಗೇ ಇದು. ಕೇಳಬೇಕಾದ್ದು ‘ಕ್ಷೇತ್ರಕಾರ್ಯಕ್ಕೆ ಅನುಮತಿ’, ಜೊತೆಗೆ ‘ಈ ಅವಧಿಯನ್ನು ಕರ್ತವ್ಯದ ಅವಧಿಯೆಂದು ಪರಿಗಣಿಸಿ’ ಎಂಬ ಒಂದು ಸಾಲು. ಹಬ್ಬಕ್ಕೋ ಮನೆ ಕೆಲಸಕ್ಕೋ ನಡುವೆ ನಾಲ್ಕು ದಿನ ಊರಿಗೆ ಹೋದರೆ ಅದು ರಜೆ, ಅದನ್ನು ಬೇರೆಯಾಗಿ ಬರೆದುಕೊಡಿ. ಎರಡನ್ನೂ ಕಲಸಬೇಡಿ.

ಈಗ ಎಕ್ಸ್‌ಟೆನ್ಷನ್. ಯುಜಿಸಿಯ 2022ರ ಪಿಎಚ್‌.ಡಿ. ನಿಯಮಾವಳಿ ಪ್ರಕಾರ ಪ್ರವೇಶ ಪಡೆದ ದಿನದಿಂದ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ನೀವು ಸೇರಿದ್ದು 2023ರ ಜನವರಿ, ಅಂದರೆ 2029ರ ಜನವರಿ ಶುರುವಿನವರೆಗೂ ನಿಮ್ಮ ನೋಂದಣಿ ಗಟ್ಟಿ. 2027ರ ಜೂನ್ ಅನ್ನುವುದು ನೀವೇ ಹಾಕಿಕೊಂಡ ದಿನ, ಸಂಶೋಧನಾ ಸಲಹಾ ಸಮಿತಿ ಅದನ್ನು ಒಪ್ಪಿದೆ, ಅಷ್ಟೇ. (ಈ ಸಮಿತಿಯನ್ನು ಕೆಲವು ಕಡೆ ಆರ್‌ಎಸಿ ಅಂತಾರೆ, ಕೆಲವು ಕಡೆ ಡಾಕ್ಟೋರಲ್ ಕಮಿಟಿ.) ಅದನ್ನು ಆರು ತಿಂಗಳು ಮುಂದೆ ಹಾಕಿದರೆ ಅದಕ್ಕೆ ‘ಪರಿಷ್ಕೃತ ವೇಳಾಪಟ್ಟಿ’ ಅಂತ ಹೆಸರು. ಎಕ್ಸ್‌ಟೆನ್ಷನ್ ಅಂದರೆ ಆರು ವರ್ಷ ದಾಟಿದ ಮೇಲಿನ ಕಥೆ, ಅದಕ್ಕೆ ಮರುನೋಂದಣಿ ಬೇಕು, ಅದು ಗೈಡ್ ಕೈಯಲ್ಲಿ ಇಲ್ಲವೇ ಇಲ್ಲ. ಗೈಡ್ ಶಿಫಾರಸು ಮಾಡಬಹುದು, ಕೊಡುವುದು ವಿಶ್ವವಿದ್ಯಾಲಯ.

ನಿಮಗೆ ನಿಜಕ್ಕೂ ಬಿಗಿಯಾಗಿರುವ ದಿನ ಬೇರೆ ಇದೆ. ಫೆಲೋಶಿಪ್ ಒಟ್ಟು ಐದು ವರ್ಷ, ಜೆಆರ್‌ಎಫ್ ಎರಡು, ಎಸ್‌ಆರ್‌ಎಫ್ ಮೂರು. ಸೇರಿದ ದಿನದಿಂದಲೇ ಅದು ಶುರುವಾಗಿದ್ದರೆ 2028ರ ಜನವರಿ ಮೊದಲ ದಿನವೇ ಮುಗಿಯಿತು. ಆಮೇಲೂ ಒಂದು ವರ್ಷ ಥೀಸಿಸ್ ಬರೆಯಲು ನಿಯಮ ಅಡ್ಡ ಬರುವುದಿಲ್ಲ, ಹೊಟ್ಟೆ ಅಡ್ಡ ಬರುತ್ತದೆ. ಹಾಗಾಗಿ ಹೊಸ ದಿನಾಂಕ 2027ರ ಡಿಸೆಂಬರ್ ಒಳಗೆ ಇರಲಿ. ಇದನ್ನು ಪತ್ರದಲ್ಲೂ ಹೇಳಿ, ಗೈಡ್‌ಗೆ ಅರ್ಧ ಸಮಾಧಾನ ಅಲ್ಲೇ ಆಗುತ್ತದೆ.

ಪತ್ರ ಗೈಡ್ ಹೆಸರಿಗೆ ಇದ್ದರೂ ಓದುವವರು ಅವರೊಬ್ಬರೇ ಅಲ್ಲ. ವಿಭಾಗದ ಮುಖ್ಯಸ್ಥರು ನೋಡುತ್ತಾರೆ, ಸಮಿತಿಯ ಕಡತಕ್ಕೆ ಹೋಗುತ್ತದೆ, ಕೊನೆಗೆ ಫೆಲೋಶಿಪ್ ಸೆಕ್ಷನ್‌ನಲ್ಲಿ ನಿಮ್ಮ ಮುಖವನ್ನೇ ನೋಡದ ಒಬ್ಬರು ಓದುತ್ತಾರೆ. ನಿಮ್ಮ ಕಷ್ಟ ಗೈಡ್‌ಗೆ ಬಾಯಲ್ಲಿ ಹೇಳಿ. ಪತ್ರದಲ್ಲಿ ಆ ಕೊನೆಯವರಿಗೂ ಅರ್ಥವಾಗುವುದು ಮಾತ್ರ ಇರಲಿ: ಎಲ್ಲಿಗೆ, ಯಾವ ದಿನದಿಂದ ಯಾವ ದಿನದವರೆಗೆ, ಏಕೆ ಆಗಲೇ ಹೋಗಬೇಕು, ಥೀಸಿಸ್ ಯಾವಾಗ.

‘ಏಕೆ ಆಗಲೇ’ ಅನ್ನುವುದು ನಿಮ್ಮ ಪತ್ರದ ಬೆನ್ನೆಲುಬು. ಬಹಳ ಜನ ಇಲ್ಲೇ ಸೋಲುತ್ತಾರೆ. ‘ಹೆಚ್ಚಿನ ಮಾಹಿತಿ ಸಂಗ್ರಹಿಸುವ ಅಗತ್ಯವಿರುವುದರಿಂದ’ ಅಂತ ಬರೆದರೆ ಅದು ಯಾರ ಪತ್ರ ಬೇಕಾದರೂ ಆಗಬಹುದು, ಅದಕ್ಕೆ ‘ಮುಂದಿನ ವರ್ಷ ಹೋಗಿ’ ಅನ್ನುವ ಉತ್ತರವೂ ಬರಬಹುದು. ನಿಮ್ಮ ವಿಷಯಕ್ಕೆ ಆ ಉತ್ತರ ಕೊಡಲು ಆಗುವುದಿಲ್ಲ. ಕಬ್ಬು ನುರಿಸುವ ಹಂಗಾಮು ಶುರುವಾಗುವುದು ಅಕ್ಟೋಬರ್ ಕೊನೆ, ನವೆಂಬರ್ ಹೊತ್ತಿಗೆ. ಫೆಬ್ರವರಿ, ಮಾರ್ಚ್ ಬಂತೆಂದರೆ ಗ್ಯಾಂಗ್‌ಗಳು ಗುಡಿಸಲು ಕಿತ್ತು ಹೊರಡುತ್ತವೆ. ಮಹಾರಾಷ್ಟ್ರದ ಬೀಡ್ ಕಡೆಯವರನ್ನು ಜೂನ್‌ನಲ್ಲಿ ಬೆಳಗಾವಿಯಲ್ಲಿ ಹುಡುಕಿದರೆ ಸಿಗುತ್ತಾರಾ? ಈ ಹಂಗಾಮು ತಪ್ಪಿದರೆ ಪೂರ್ತಿ ಒಂದು ವರ್ಷ ಹೋಯಿತು. ಆ ಒಂದು ವರ್ಷ ಅಂದರೆ ಫೆಲೋಶಿಪ್ ಮುಗಿದ ಮೇಲಿನ ದಿನಗಳು. ಇಷ್ಟನ್ನು ಮೂರು ಸಾಲಿನಲ್ಲಿ ಹೇಳಿದರೆ ಸಾಕು, ಗೋಗರೆಯುವ ಅಗತ್ಯವೇ ಇಲ್ಲ.

ಇನ್ನು ‘ಜೂನ್‌ಗೆ ಕೊಡ್ತೀನಿ ಅಂದಿದ್ದೆ’ ಎಂಬ ಮುಜುಗರ. ಏಕೆ ಆಗಲಿಲ್ಲ ಅನ್ನುವುದನ್ನು ನೇರವಾಗಿ, ಲೆಕ್ಕ ಕೊಟ್ಟು ಬರೆಯಿರಿ. ನಿಮ್ಮ ಕಾರಣ ನೀವು ಹೇಳಿಲ್ಲ, ಹಾಗಾಗಿ ಇಂಥ ಸಂಶೋಧನೆಯಲ್ಲಿ ಸಾಮಾನ್ಯವಾಗಿ ಆಗುವುದನ್ನೇ ಹಿಡಿದು ಒಂದು ಲೆಕ್ಕ ಹಾಕುತ್ತೇನೆ, ಅಂಕಿಗಳನ್ನು ನಿಮ್ಮದಕ್ಕೆ ಬದಲಿಸಿಕೊಳ್ಳಿ. 40 ಕುಟುಂಬಗಳ ಸಂದರ್ಶನ ಅಂತ ಯೋಜನೆ. ಕಳೆದ ಸಲ ಫೆಬ್ರವರಿ ನಡುವಿನಲ್ಲಿ ಹೋದಿರಿ, ಅಷ್ಟರಲ್ಲಿ ಮೂರು ಬಿಡಾರಗಳಲ್ಲಿ ಎರಡು ಖಾಲಿಯಾಗಿದ್ದವು, ಸಿಕ್ಕಿದ್ದು 14 ಕುಟುಂಬ. ಉಳಿದದ್ದು 26.

‘26ಕ್ಕೆ 110 ದಿನ ಯಾಕ್ರೀ?’ ಅಂತ ಸಮಿತಿಯಲ್ಲಿ ಒಬ್ಬರಾದರೂ ಕೇಳುತ್ತಾರೆ. ನಾನೂ ಕೇಳಿದ್ದೇನೆ. ಉತ್ತರ ರೆಡಿ ಇರಲಿ. ಕಟಾವಿನವರು ನಸುಕಿನಲ್ಲೇ ಗದ್ದೆಗೆ ಹೋಗುತ್ತಾರೆ. ಕಡಿದು, ಕಟ್ಟು ಕಟ್ಟಿ, ಗಾಡಿಗೆ ಹೇರಿ ಬರುವಾಗ ಕತ್ತಲೆ. ಬಂದ ಮೇಲೆ ಹೆಂಗಸರು ಒಲೆ ಮುಂದೆ ಕೂರುತ್ತಾರೆ, ನಿಮ್ಮ ಮಾತುಕತೆ ಅಲ್ಲೇ, ರೊಟ್ಟಿ ಬೇಯುವಷ್ಟು ಹೊತ್ತು, ಇಪ್ಪತ್ತು ನಿಮಿಷ. ಒಂದೇ ಕುಟುಂಬದ ಹತ್ತಿರ ಮೂರು, ನಾಲ್ಕು ಸಂಜೆ ಹೋದರೆ ಒಂದು ಸಂದರ್ಶನ ಪೂರ್ತಿಯಾಗುತ್ತದೆ. ಜೊತೆಗೆ ಮುಂಗಡ ಕೊಟ್ಟು ಗ್ಯಾಂಗ್ ಕರೆತರುವ ಮುಕಾದಮನ ಎದುರು ಆ ಮುಂಗಡದ ವಿಷಯ ಯಾರೂ ಬಾಯಿ ಬಿಡುವುದಿಲ್ಲ, ಅವನಿಲ್ಲದ ಹೊತ್ತಿಗೆ ಕಾಯಬೇಕು. 26 ಕುಟುಂಬ, ತಲಾ ನಾಲ್ಕು ಸಂಜೆ ಅಂದರೆ 104. ಈಗ 110 ಜಾಸ್ತಿ ಅನ್ನಿಸುತ್ತದಾ?

ವಾಪಸ್ ಬಂದ ಮೇಲಿನ ಕೆಲಸಕ್ಕೂ ಇಂಥದ್ದೇ ಲೆಕ್ಕ ಇರಲಿ. ಒಂದು ಗಂಟೆ ರೆಕಾರ್ಡಿಂಗ್ ಅನ್ನು ಕೇಳಿ ಬರೆದಿಡಲು ನಾಲ್ಕರಿಂದ ಆರು ಗಂಟೆ ಬೇಕು. ನಿಮ್ಮಲ್ಲಿ ಮರಾಠಿ, ಕನ್ನಡ ಬೆರೆತಿರುತ್ತದೆ, ಹಿಂದೆ ಮಕ್ಕಳ ಅಳು, ಟ್ರ್ಯಾಕ್ಟರ್ ಸದ್ದು ಬೇರೆ, ಆರು ಅಂತಲೇ ಹಿಡಿಯಿರಿ. 26 ಕುಟುಂಬದ ಸುಮಾರು 32 ಗಂಟೆ ಮಾತಿಗೆ 190 ಗಂಟೆಗೂ ಮೇಲೆ. ದಿನಕ್ಕೆ ನಾಲ್ಕು ಗಂಟೆಗಿಂತ ಜಾಸ್ತಿ ಈ ಕೆಲಸ ಮಾಡಿದರೆ ಕಿವಿ, ತಲೆ ಎರಡೂ ಕೈ ಕೊಡುತ್ತವೆ. ಅಂದರೆ 48 ದಿನ, ಭಾನುವಾರ ಸೇರಿಸಿ ಎರಡು ತಿಂಗಳು. ‘ಮಾರ್ಚ್‌ನಲ್ಲಿ ಬಂದು ಏಪ್ರಿಲ್‌ಗೆ ಅಧ್ಯಾಯ ಕೊಡ್ತೀನಿ’ ಅಂತ ಬರೆದವರು ಏಪ್ರಿಲ್‌ನಲ್ಲಿ ಫೋನ್ ಎತ್ತುವುದಿಲ್ಲ, ಇದು ನನ್ನ ಅನುಭವ.

ಗೈಡ್ ಓದುವ ಸಮಯವನ್ನೂ ಹಾಕಿ. ಇದನ್ನು ಹತ್ತರಲ್ಲಿ ಒಂಬತ್ತು ಜನ ಮರೆಯುತ್ತಾರೆ. ಸೆಪ್ಟೆಂಬರ್ 30ಕ್ಕೆ ಇಡೀ ಕರಡು ಕೊಟ್ಟು ಅಕ್ಟೋಬರ್ 5ಕ್ಕೆ ಕೊಲೋಕ್ವಿಯಂ ಅಂತ ಬರೆದರೆ 300 ಪುಟ ಓದುವವರು ಮನುಷ್ಯರು ಅನ್ನುವುದೇ ನಿಮಗೆ ಗೊತ್ತಿಲ್ಲ ಅಂತ ಆಯಿತು. ಒಂದು ತಿಂಗಳು ಬಿಡಿ. ಸಲ್ಲಿಕೆಗೆ ಮೊದಲು ಸಮಿತಿ ಎದುರು ಪ್ರಬಂಧ ಮಂಡಿಸಿ, ಅಲ್ಲಿ ಬಂದ ಸಲಹೆಗಳನ್ನು ಕರಡಿಗೆ ಸೇರಿಸಬೇಕು, ಅದಕ್ಕೂ ಮೂರು ವಾರ ಬೇಕು. ಸಾರಲೇಖವನ್ನು ಥೀಸಿಸ್‌ಗಿಂತ ಎಷ್ಟು ಮೊದಲು ಕೊಡಬೇಕು ಅನ್ನುವುದು ಒಂದೊಂದು ವಿಶ್ವವಿದ್ಯಾಲಯದಲ್ಲಿ ಒಂದೊಂದು ಥರ, ನಿಮ್ಮಲ್ಲಿನ ನಿಯಮ ನೋಡಿ ಆ ದಿನವನ್ನೂ ಪಟ್ಟಿಯಲ್ಲಿ ಹಾಕಿ.

ಇಷ್ಟೆಲ್ಲ ಇಟ್ಟುಕೊಂಡು ಪತ್ರ ಹೀಗೆ ಬರುತ್ತದೆ. ದಿನಾಂಕಗಳು ಮಾದರಿಗೆ ಮಾತ್ರ.

ದಿನಾಂಕ: 10 ಆಗಸ್ಟ್ 2026

ಇವರಿಂದ: (ಹೆಸರು, ನೋಂದಣಿ ಸಂಖ್ಯೆ), ಸಂಶೋಧನಾ ವಿದ್ಯಾರ್ಥಿ, ಸಮಾಜಶಾಸ್ತ್ರ ವಿಭಾಗ

ಇವರಿಗೆ: ಮಾರ್ಗದರ್ಶಕರು, ಸಮಾಜಶಾಸ್ತ್ರ ವಿಭಾಗ

ವಿಷಯ: 10.11.2026ರಿಂದ 27.02.2027ರವರೆಗೆ ಕ್ಷೇತ್ರಕಾರ್ಯಕ್ಕೆ ಅನುಮತಿ ಹಾಗೂ ಪರಿಷ್ಕೃತ ವೇಳಾಪಟ್ಟಿಯ ಅನುಮೋದನೆ ಕುರಿತು

ಮಾನ್ಯರೇ,

ನಾನು 02.01.2023ರಂದು ಪಿಎಚ್‌.ಡಿ.ಗೆ ಪ್ರವೇಶ ಪಡೆದಿದ್ದು, ಬೆಳಗಾವಿ ಜಿಲ್ಲೆಯ ವಲಸೆ ಕಬ್ಬು ಕಟಾವು ಕುಟುಂಬಗಳ ಕುರಿತು ತಮ್ಮ ಮಾರ್ಗದರ್ಶನದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ಮೊದಲ ಮೂರು ಅಧ್ಯಾಯಗಳ ಕರಡನ್ನು ತಮಗೆ ಸಲ್ಲಿಸಿದ್ದೇನೆ. ನಾಲ್ಕು ಮತ್ತು ಐದನೇ ಅಧ್ಯಾಯಗಳಿಗೆ 40 ಕುಟುಂಬಗಳ ಸಂದರ್ಶನ ಆಗಬೇಕಿದ್ದು, ಕಳೆದ ಹಂಗಾಮಿನಲ್ಲಿ 14 ಮಾತ್ರ ಪೂರ್ಣಗೊಂಡಿವೆ. ನಾನು ಫೆಬ್ರವರಿ ಮಧ್ಯದಲ್ಲಿ ಹೋದಾಗ ಎರಡು ಬಿಡಾರಗಳು ಆಗಲೇ ತೆರವಾಗಿದ್ದವು. ಹಂಗಾಮಿನ ಕೊನೆಯಲ್ಲಿ ಹೋದದ್ದು ನನ್ನ ಯೋಜನೆಯ ಲೋಪ.

ಈ ಕುಟುಂಬಗಳು ನುರಿಸುವ ಹಂಗಾಮಿನಲ್ಲಿ ಮಾತ್ರ ಜಿಲ್ಲೆಯಲ್ಲಿರುತ್ತವೆ. ಈ ಹಂಗಾಮು ತಪ್ಪಿದರೆ ಮುಂದಿನ ಅವಕಾಶ 2027ರ ನವೆಂಬರ್‌ನಲ್ಲಿ. ಆಗ ಸಂಶೋಧನೆ ನನ್ನ ಫೆಲೋಶಿಪ್ ಅವಧಿಯನ್ನು (01.01.2028) ಮೀರುತ್ತದೆ. ಆದ್ದರಿಂದ ಈ ಎರಡು ಕೋರಿಕೆಗಳು:

ಒಂದು, 10.11.2026ರಿಂದ 27.02.2027ರವರೆಗಿನ 110 ದಿನಗಳ ಕ್ಷೇತ್ರಕಾರ್ಯಕ್ಕೆ ಅನುಮತಿ ನೀಡಿ, ಈ ಅವಧಿಯನ್ನು ಕರ್ತವ್ಯದ ಅವಧಿಯೆಂದು ಪರಿಗಣಿಸಲು ಶಿಫಾರಸು ಮಾಡಬೇಕು. ಕಾರ್ಖಾನೆಗಳು ನುರಿಸಲು ಆರಂಭಿಸುವ ದಿನ ಹಿಂದೆ ಮುಂದೆ ಆದಲ್ಲಿ ಹೊರಡುವ ಮೊದಲೇ ಬದಲಾದ ದಿನಾಂಕಗಳನ್ನು ಲಿಖಿತವಾಗಿ ತಿಳಿಸುತ್ತೇನೆ. ಪ್ರತಿ ತಿಂಗಳ 25ರಂದು ಕ್ಷೇತ್ರಕಾರ್ಯದ ವರದಿಯನ್ನು ಇಮೇಲ್ ಮೂಲಕ ತಮಗೆ ಕಳುಹಿಸುತ್ತೇನೆ.

ಎರಡು, ಪ್ರಬಂಧ ಸಲ್ಲಿಕೆಯನ್ನು 2027ರ ಜೂನ್ ಬದಲು 15.12.2027ಕ್ಕೆ ನಿಗದಿಪಡಿಸುವ ಪರಿಷ್ಕೃತ ವೇಳಾಪಟ್ಟಿಯನ್ನು ಸೆಪ್ಟೆಂಬರ್ ತಿಂಗಳ ಸಲಹಾ ಸಮಿತಿಯ ಮುಂದಿಡಬೇಕು. ಇದು ನನ್ನ ಆರು ವರ್ಷಗಳ ನೋಂದಣಿ ಅವಧಿಯ (01.01.2029) ಒಳಗೇ ಇದೆ. ನಂತರದ ಪ್ರಗತಿ ಮಂಡನೆಯನ್ನು ಕ್ಷೇತ್ರಕಾರ್ಯ ಮುಗಿದ ಕೂಡಲೇ, 2027ರ ಮಾರ್ಚ್ ಮೊದಲ ವಾರದಲ್ಲಿ ಮಾಡಲು ಸಿದ್ಧನಿದ್ದೇನೆ.

ಬಿಡಾರಗಳಲ್ಲಿ ಮತ್ತು ಕಾರ್ಖಾನೆಯ ಆವರಣದಲ್ಲಿ ತೋರಿಸಲು ವಿಭಾಗದಿಂದ ಒಂದು ಪರಿಚಯ ಪತ್ರ ಕೊಡಿಸಬೇಕೆಂದೂ ಕೋರುತ್ತೇನೆ.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿ,
(ಸಹಿ)

ಲಗತ್ತು: ಪರಿಷ್ಕೃತ ವೇಳಾಪಟ್ಟಿ, ತಂಗುವ ಸ್ಥಳ ಮತ್ತು ದೂರವಾಣಿ ವಿವರ

ಲಗತ್ತಿನ ವೇಳಾಪಟ್ಟಿ ಅರ್ಧ ಪುಟ ಸಾಕು. ಮಾರ್ಚ್, ಏಪ್ರಿಲ್ ಲಿಪ್ಯಂತರ. ಜೂನ್ ಕೊನೆಗೆ ನಾಲ್ಕನೇ ಅಧ್ಯಾಯ, ಆಗಸ್ಟ್ ಕೊನೆಗೆ ಐದನೆಯದು, ಸೆಪ್ಟೆಂಬರ್ 30ಕ್ಕೆ ಪೂರ್ಣ ಕರಡು, ಅಕ್ಟೋಬರ್ ಗೈಡ್ ಓದಲು, ನವೆಂಬರ್ ಮೂರನೇ ವಾರ ಮಂಡನೆ, ಡಿಸೆಂಬರ್ 15 ಸಲ್ಲಿಕೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಬರವಣಿಗೆ ಅಂತ ಏನೂ ಹಾಕಬೇಡಿ. ಬಿಡಾರದಲ್ಲಿ ಕೂತು ಯಾರೂ ಅಧ್ಯಾಯ ಬರೆದದ್ದನ್ನು ನಾನು ನೋಡಿಲ್ಲ, ಅಂದಂದಿನ ಟಿಪ್ಪಣಿ ಬರೆದರೆ ಅದೇ ದೊಡ್ಡದು.

ಪತ್ರದಲ್ಲಿ ‘ನನ್ನ ಯೋಜನೆಯ ಲೋಪ’ ಅಂತ ಹಾಕಿದ್ದು ನೋಡಿ ಕೆಲವರು ಹುಬ್ಬೇರಿಸಬಹುದು. ಬೇಕೆಂದೇ ಹಾಕಿದ್ದು. ತಡಕ್ಕೆ ಮಳೆ, ಕಾರ್ಖಾನೆ, ಮುಕಾದಮ ಎಲ್ಲರನ್ನೂ ಹೊಣೆ ಮಾಡಿದ ಪತ್ರ ಓದಿದಾಗ ‘ಈ ಸಲವೂ ಇವರೆಲ್ಲ ಇರುತ್ತಾರಲ್ಲ, ಮತ್ತೆ ತಡವಾಗುತ್ತದೆ’ ಅಂತಲೇ ಅನ್ನಿಸುವುದು. ಫೆಬ್ರವರಿಯಲ್ಲಿ ಹೋದದ್ದು ತಪ್ಪು, ಈಗ ನವೆಂಬರ್‌ಗೇ ಹೋಗುತ್ತೇನೆ ಅಂದರೆ ತಿದ್ದಿಕೊಂಡದ್ದು ಕಣ್ಣಿಗೆ ಕಾಣುತ್ತದೆ. ನಿಮ್ಮ ತಪ್ಪು ಇಲ್ಲದಿದ್ದರೆ ಈ ಸಾಲು ಬೇಡ, ಸುಳ್ಳು ವಿನಯ ಇನ್ನೂ ಕೆಟ್ಟದ್ದು.

ದಿನಾಂಕ ಹಿಂದೆ ಮುಂದೆ ಆಗುವ ಸಾಲನ್ನು ಮಾತ್ರ ಬಿಡಬೇಡಿ. 2025ರ ನವೆಂಬರ್‌ನಲ್ಲಿ ಕಬ್ಬಿನ ಬೆಲೆಗಾಗಿ ಬೆಳಗಾವಿ ಕಡೆ ರೈತರು ರಸ್ತೆಗಿಳಿದಾಗ ಹಂಗಾಮಿನ ಶುರುವೇ ಏರುಪೇರಾಯಿತು. ಅಂಥ ವರ್ಷ ನೀವು 10ನೇ ತಾರೀಕು ಹೋಗಿ ಖಾಲಿ ಬಯಲಿನಲ್ಲಿ ಕೂತರೆ ಆ ದಿನಗಳೂ ಅನುಮತಿಯ ಲೆಕ್ಕದಲ್ಲೇ ಕಳೆದುಹೋಗುತ್ತವೆ. ಹೊರಡುವ ವಾರ ಮುಕಾದಮನಿಗೆ ಒಂದು ಫೋನ್ ಮಾಡಿ. ಗ್ಯಾಂಗ್ ಬಂದಿದೆಯೇ ಅಂತ ಅವನಿಗಿಂತ ಚೆನ್ನಾಗಿ ಗೊತ್ತಿರುವವರು ಯಾರೂ ಇಲ್ಲ.

ಪ್ರಗತಿ ಮಂಡನೆಯ ವಿಷಯವನ್ನೂ ಲಘುವಾಗಿ ತೆಗೆದುಕೊಳ್ಳಬೇಡಿ. ಪ್ರತಿ ಸೆಮಿಸ್ಟರ್‌ನಲ್ಲಿ ಒಮ್ಮೆ ಸಮಿತಿ ಎದುರು ನಿಂತು ವರದಿ ಕೊಡಬೇಕು. ಫೀಲ್ಡ್‌ನಲ್ಲಿದ್ದೆ ಅಂತ ಅದು ತಪ್ಪಿದರೆ ಕಡತದಲ್ಲಿ ‘ಪ್ರಗತಿ ತೃಪ್ತಿಕರವಾಗಿಲ್ಲ’ ಅಂತ ಒಂದು ಸಾಲು ಕೂರುತ್ತದೆ, ಅದನ್ನು ಅಳಿಸುವುದು ಥೀಸಿಸ್ ಬರೆಯುವುದಕ್ಕಿಂತ ಕಷ್ಟ. ನಿಮ್ಮಲ್ಲಿ ಸಭೆ ಜನವರಿಯಲ್ಲೇ ಇದ್ದರೆ ಎರಡು ದಿನದ ಮಟ್ಟಿಗೆ ಬಂದು ಹೋಗುತ್ತೇನೆ ಅಂತ ಪತ್ರದಲ್ಲೇ ಬರೆಯಿರಿ. ಬೆಳಗಾವಿ ಏನು ಚಂದ್ರಲೋಕದಲ್ಲಿದೆಯೇ?

ಬೇರೆ ಓದುಗರಲ್ಲಿ ಯಾರಿಗಾದರೂ ಆರು ವರ್ಷವೇ ಮುಗಿಯುತ್ತಿದ್ದರೆ ಈ ಪತ್ರ ಸಾಲದು. ಮರುನೋಂದಣಿಯಲ್ಲಿ ಹೆಚ್ಚೆಂದರೆ ಎರಡು ವರ್ಷ ಸಿಗುತ್ತದೆ. ಮಹಿಳೆಯರಿಗೆ ಮತ್ತು ಶೇ 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಮತ್ತೆರಡು ವರ್ಷ ಸಡಿಲಿಕೆ ಕೊಡಬಹುದು, ಒಟ್ಟು ಹತ್ತು ವರ್ಷ ದಾಟುವಂತಿಲ್ಲ. ಹೆರಿಗೆ ಅಥವಾ ಮಕ್ಕಳ ಆರೈಕೆಗೆ ಇಡೀ ಅವಧಿಯಲ್ಲಿ 240 ದಿನದವರೆಗೆ ರಜೆ ಇದೆ, ಅದನ್ನು ರಜೆ ಅಂತಲೇ ಕೇಳಬೇಕು. ಇವೆಲ್ಲಕ್ಕೂ ಅವಧಿ ಮುಗಿಯುವ ಮೊದಲೇ ಬೇರೆ ಅರ್ಜಿ ಹಾಕಿ.

ಪತ್ರ ಕೊಡುವ ಕ್ರಮ ಒಂದಿದೆ. ಮೊದಲು ಗೈಡ್ ಹತ್ತಿರ ಹೋಗಿ ಬಾಯಲ್ಲಿ ಹೇಳಿ, ‘ಸರ್, ಜೂನ್‌ಗೆ ಆಗಲ್ಲ, ಡಿಸೆಂಬರ್ ಆಗುತ್ತೆ, ಲೆಕ್ಕ ತಂದಿದ್ದೀನಿ’ ಅಂತ. ವೇಳಾಪಟ್ಟಿ ಪೆನ್ಸಿಲಿನಲ್ಲಿ ಬರೆದುಕೊಂಡು ಹೋಗಿ, ಅವರು ಎರಡು ದಿನಾಂಕ ತಿದ್ದಲಿ. ತಾವೇ ತಿದ್ದಿದ ಪಟ್ಟಿಯನ್ನು ಸಮಿತಿಯಲ್ಲಿ ಅವರೇ ನಿಂತು ಸಮರ್ಥಿಸುತ್ತಾರೆ. ಆಮೇಲೆ ಟೈಪ್ ಮಾಡಿ ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ‘ಶಿಫಾರಸು ಮಾಡಿದೆ’ ಅಂತ ಗೈಡ್ ಬರಹ, ಸಹಿ, ದಿನಾಂಕ ಬರಲಿ, ಅದನ್ನು ವಿಭಾಗದ ಕಚೇರಿಗೆ ಕೊಟ್ಟು ಇನ್ನೊಂದರ ಮೇಲೆ ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ಪ್ರಯಾಣದ ಖರ್ಚನ್ನು ಕಂಟಿಂಜೆನ್ಸಿಯಲ್ಲಿ ಹಾಕುವುದಿದ್ದರೆ ಅದರ ಒಪ್ಪಿಗೆಯೂ ಅದೇ ದಿನ ಆಗಲಿ, ಬಸ್ ಟಿಕೆಟ್ ಕೂಡಿಟ್ಟುಕೊಂಡು ಮಾರ್ಚ್‌ನಲ್ಲಿ ಹೋದರೆ ಕೇಳುವವರಿಲ್ಲ. ಅನುಮತಿ ಆದೇಶದ ಒಂದು ಪ್ರತಿಯನ್ನು ನೀವೇ ಫೆಲೋಶಿಪ್ ಸೆಕ್ಷನ್‌ಗೆ ಮುಟ್ಟಿಸಿ, ವಿಭಾಗದವರು ಕಳಿಸುತ್ತಾರೆ ಅಂತ ಕಾಯಬೇಡಿ. ತಿಂಗಳ ಹಾಜರಾತಿ ದೃಢೀಕರಿಸುವವರ ಮೇಜಿನ ಮೇಲೆ ಆ ಕಾಗದ ನವೆಂಬರ್ ಮುಗಿಯುವ ಮೊದಲು ಇರಬೇಕು.